ನೆಂಟರಿಗೆ ಮನೆ ಬಿಟ್ಟುಕೊಟ್ಟೋರು ಇದನ್ನ ಓದಿ: ಬಿಟ್ಟಿ ಇದ್ದ ಭಾವ ಈಗ ‘ಬಾಡಿಗೆದಾರ’ ಅಂತೆ

ಕೈ ನಡುಗುತ್ತಾ ಬರೀತಿದ್ದೀನಿ, ತಪ್ಪು ಕಂಡ್ರೆ ಅನುಸರಿಸಿಕೊಳ್ಳಿ. ಹೆಸರು ಹಾಕಲ್ಲ, ಮನೆ ಮರ್ಯಾದೆ ಪ್ರಶ್ನೆ. ಆದ್ರೆ ಮೈಸೂರಲ್ಲಿ ಮನೆ ಇಟ್ಟುಕೊಂಡು ಬೇರೆ ಊರಲ್ಲಿ ಕೆಲಸ ಮಾಡೋರು ಎಷ್ಟೋ ಜನ ಇದ್ದೀರಿ, ಅವರಿಗಾದ್ರೂ ಗೊತ್ತಾಗ್ಲಿ.

ಕುವೆಂಪುನಗರದ ಮನೆ ಅಪ್ಪ ಕಟ್ಟಿಸಿದ್ದು, ಈಗ ಖಾತೆ ನನ್ನ ಹೆಸರಲ್ಲಿದೆ. ನಾನಿರೋದು ಮಂಡ್ಯದಲ್ಲಿ. ಸೋದರತ್ತೆ ಮಗ ಬಂದು, ಮಗಳ ಕಾಲೇಜು ಮುಗಿಯೋವರೆಗೂ ಇರ್ತೀನಿ ಕಣೋ ಅಂದ್ರು. ಸ್ವಂತ ಭಾವನ ಹತ್ರ ಅಗ್ರಿಮೆಂಟ್ ಕೇಳೋದು ಹೇಗೆ? ಬಾಡಿಗೆ ಬೇಡ ಅಂದೆ. ‘ಕಂದಾಯನಾದ್ರೂ ನಾನೇ ಕೊಡ್ತೀನಿ’ ಅಂತ ಅವರೇ ಹಟ ಹಿಡಿದ್ರು. ಪ್ರತಿ ಏಪ್ರಿಲ್‌ನಲ್ಲಿ, ಪಾಲಿಕೆಯವರು ಶೇ. 5 ರಿಯಾಯಿತಿ ಕೊಡೋ ತಿಂಗಳಲ್ಲೇ, ಫೋನ್‌ಪೇನಲ್ಲಿ ದುಡ್ಡು ಬರೋದು. ನಾನು ಕಟ್ಟಿ ರಸೀದಿ ಕಳಿಸೋನು.

ಮಗಳ ಕಾಲೇಜು ಮುಗೀತು, ಕೆಲಸಾನೂ ಸಿಕ್ತು. ನನ್ನ ಮಗನಿಗೆ ಮೈಸೂರಲ್ಲಿ ಸೀಟ್ ಆದಾಗ, ಭಾವ, ಮನೆ ಬೇಕಾಗಿತ್ತು ಅಂದೆ. ‘ಹಬ್ಬ ಕಳೀಲಿ.’ ಹಬ್ಬ ಕಳೀತು. ‘ಆಷಾಢದಲ್ಲಿ ಯಾರಾದ್ರೂ ಮನೆ ಬದಲಾಯಿಸ್ತಾರಾ?’ ಆಷಾಢಾನೂ ಕಳೀತು. ಕೊನೆಗೆ ‘ಈ ವಯಸ್ಸಲ್ಲಿ ನನ್ನ ಬೀದಿಗೆ ಹಾಕ್ತೀಯಾ? ನಿಮ್ಮಪ್ಪ ಇದ್ದಿದ್ರೆ ಹಿಂಗೆ ಮಾತಾಡ್ತಿದ್ನಾ?’ ಅಪ್ಪನ ಹೆಸರು ಎತ್ತಿದ್ರು ನೋಡಿ, ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಸ್ಟೇಷನ್ನಿಗೆ ಹೋದ್ರೆ ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅಂದ್ರು.

ವಕೀಲರು ಮೊದಲು ಕೋರ್ಟಲ್ಲಿ ಕೇವಿಯಟ್ ಹಾಕಿದ್ರು. 90 ದಿನ ಚಾಲ್ತಿ ಇರುತ್ತೆ, ಅಷ್ಟರೊಳಗೆ ಎದುರಿನವರು ತಡೆಯಾಜ್ಞೆ ಕೇಳಿದ್ರೆ ನಮಗೆ ತಿಳಿಸಿಯೇ ವಿಚಾರಣೆ ಆಗ್ಬೇಕು. ಆಮೇಲೆ ನೋಟಿಸ್: ಇರೋಕೆ ಕೊಟ್ಟ ಅನುಮತಿ ವಾಪಸ್ ತಗೊಂಡಿದ್ದೀನಿ, ಖಾಲಿ ಮಾಡಿ ಅಂತ. ನೋಟಿಸ್ ತಲುಪಿದ್ದೇ ತಡ, ಭಾವ ನನ್ನ ಮೇಲೇ ದಾವೆ ಹಾಕಿದ್ರು.

ದಾವೆ ಪ್ರತಿ ಓದಿದಾಗ ಕಣ್ಣು ಕತ್ತಲೆ ಬಂತು. ‘ವಾದಿಯು ಬಾಡಿಗೆದಾರನಾಗಿದ್ದು, ಪ್ರತಿ ವರ್ಷ ಬಾಡಿಗೆ ಪಾವತಿಸುತ್ತಾ ಬಂದಿರುತ್ತಾರೆ.’ ಜೊತೆಗೆ ಫೋನ್‌ಪೇ ಪುಟಗಳು. ಒಂದೊಂದರ ಕೆಳಗೂ ‘ಮನೆ ಬಾಡಿಗೆ’ ಅಂತ ಟೈಪ್ ಮಾಡಿದ್ದಾರೆ! ಮೊದಲ ವರ್ಷದಿಂದಲೇ! ಅಂದ್ರೆ ನನ್ನ ಹೆಂಡ್ತಿ ಕೈಯ ಊಟ ಉಣ್ತಾ, ನಮ್ಮ ಗೃಹಪ್ರವೇಶದ ಫೋಟೋ ಕೆಳಗೆ ಕೂತು ಇದನ್ನ ಟೈಪ್ ಮಾಡ್ತಿದ್ರು. ಫೋನ್ ಮಾಡಿ ಕೇಳಿದ್ದಕ್ಕೆ ‘ಲಾಯರ್ ಹೇಳಿದ್ದು ಮಾಡಿದ್ದೀನಿ, ನೀನೂ ಲಾಯರ್ ಹತ್ರಾನೇ ಮಾತಾಡು’ ಅಂತ ಇಟ್ಟುಬಿಟ್ರು.

ಈ ಒಂದು ಪದಕ್ಕೆ ಯಾಕೆ ಇಷ್ಟು ಬೆಲೆ ಅಂತ ವಕೀಲರು ಬಿಡಿಸಿ ಹೇಳಿದ್ರು. ಬಿಟ್ಟಿ ಇರೋ ನೆಂಟ ಕಾನೂನಿನ ಲೆಕ್ಕದಲ್ಲಿ ಬರೀ ಅನುಮತಿಯ ಮೇಲೆ ಇರೋನು. ಎಷ್ಟು ವರ್ಷ ಇದ್ರೂ ಅವನಿಗೆ ಮನೆ ಮೇಲೆ ಹಕ್ಕು ಹುಟ್ಟಲ್ಲ. ಗೋವಾದಲ್ಲಿ ಸಹೋದರಿ ಮನೆ ಬಿಡದ ಸಹೋದರನ ಕೇಸಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಇದನ್ನ ಹೇಳಿದೆಯಂತೆ. 12 ವರ್ಷ ಆಯ್ತು, ಮನೆ ನಂದೇ ಅಂತಾರಲ್ಲ, ನಾವೇ ಒಪ್ಪಿ ಇರಿಸಿಕೊಂಡೋರಿಗೆ ಅದು ನಡೆಯಲ್ಲ. ಆದ್ರೆ ಬಾಡಿಗೆದಾರ ಅಂತ ಆದ್ರೆ ದಾರಿನೇ ಬೇರೆ, ಬಾಡಿಗೆ ಕೊನೆಗೊಳಿಸೋ ನೋಟಿಸೇ ಸರಿ ಇಲ್ಲ ಅಂತ ವರ್ಷಗಟ್ಟಲೆ ಎಳೀಬಹುದು.

ನಮ್ಮನ್ನ ಕಾಪಾಡಿದ್ದು ಕಂದಾಯದ ರಸೀದಿ. ಅವರು ಕಳಿಸಿದ ಮೊತ್ತ, ಪಾಲಿಕೆಗೆ ಕಟ್ಟಿದ ಮೊತ್ತ, ಪ್ರತಿ ಏಪ್ರಿಲ್‌ನಲ್ಲೂ ಒಂದು ರೂಪಾಯಿ ಆಚೀಚೆ ಇಲ್ಲ. ಯಾವ ಬಾಡಿಗೆ ಹಂಗಿರುತ್ತೆ ಹೇಳಿ? ರಸೀದಿ ಕಳಿಸಿದ ವಾಟ್ಸಾಪ್ ಕೂಡ ಸಿಕ್ತು. ಈಗ ಸ್ವಾಧೀನಕ್ಕೆ ನಮ್ಮದೂ ದಾವೆ ಬಿದ್ದಿದೆ, ಅನುಮತಿ ರದ್ದಾದ ದಿನದಿಂದ ಪರಿಹಾರಾನೂ ಕೇಳಿದ್ದೀವಿ. ಇನ್ನೂ ನಡೀತಾ ಇದೆ. ಮಗ ಹಾಸ್ಟೆಲ್‌ನಲ್ಲಿದ್ದಾನೆ, ಅವನ ಅಪ್ಪನ ಮನೆ ಅಲ್ಲೇ ಇದ್ರೂ.

ಒಂದಂತೂ ಮಾಡ್ಬೇಡಿ: ಅವರು ಊರಿಗೆ ಹೋದಾಗ ಬೀಗ ಒಡೆದು ಹೊಸ ಬೀಗ ಹಾಕು ಅಂತ ನನ್ನ ಸ್ನೇಹಿತರೆಲ್ಲಾ ಹೇಳಿದ್ರು. ಹಾಗೆ ಹೊರಹಾಕಿದ್ರೆ, ನೀವು ಮಾಲೀಕರೇ ಆಗಿದ್ರೂ, 6 ತಿಂಗಳೊಳಗೆ ಅವರು ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಕರೆಂಟು, ನೀರು ಕೀಳಿಸೋಕೂ ಹೋಗ್ಬೇಡಿ, ತಡೆಯಾಜ್ಞೆಗೆ ನಾವೇ ಕಾರಣ ಕೊಟ್ಟಂಗೆ ಆಗುತ್ತೆ. ಟೆರೇಸಿನ ಮೇಲೆ ನಂದೇ ಖರ್ಚಲ್ಲಿ ಒಂದು ರೂಮ್ ಕಟ್ಟಿಸ್ಕೋತೀನಿ ಅಂದ್ರೆ ಬಿಡ್ಬೇಡಿ, ಅನುಮತಿ ನಂಬಿ ಶಾಶ್ವತ ಕಟ್ಟಡಕ್ಕೆ ದುಡ್ಡು ಹಾಕಿದೀನಿ, ಇನ್ನು ಅದನ್ನ ರದ್ದು ಮಾಡೋ ಹಂಗಿಲ್ಲ ಅನ್ನೋ ವಾದ ಬರುತ್ತೆ.

ನೆಂಟರು ಮುನಿಸಿಕೊಂಡ್ರೆ ಮುನಿಸಿಕೊಳ್ಳಲಿ, ಬಾಡಿಗೆ ಇಲ್ಲದೆ ಇಷ್ಟು ದಿನಕ್ಕೆ ಮಾತ್ರ ಅಂತ ಒಂದು ಹಾಳೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಈಗಾಗಲೇ ಯಾರನ್ನಾದ್ರೂ ಇರಿಸಿಕೊಂಡಿದ್ರೆ, ಅವರಿಂದ ಬಂದ ಒಂದೊಂದು ಪಾವತಿ ಕೆಳಗೂ ಏನು ಟೈಪ್ ಮಾಡಿದ್ದಾರೆ ನೋಡಿ. ‘ಬಾಡಿಗೆ’ ಅಂತ ಇದ್ರೆ, ಇದು ಕಂದಾಯದ ದುಡ್ಡು ಅಂತ ಅವರಿಗೆ ಇವತ್ತೇ ಮೆಸೇಜ್ ಹಾಕಿ, ರಸೀದಿ ಫೋಟೋ ಸಮೇತ.