ಅದೇ ಅನುಭವ, ಮೂರು ಕಡೆ: ಕಾರ್ಖಾನೆ, ಪಾಲಿಟೆಕ್ನಿಕ್, ಸರ್ಕಾರಿ ಶಾಲೆ

ಮೈಸೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ನೋಡಿಕೊಂಡೇ ಅರವತ್ತು ಮುಟ್ಟಿದವನು ನಾನು. ರಿಟೈರ್ ಆದಮೇಲೆ ಕನ್ಸಲ್ಟೆನ್ಸಿ, ಪಾಠ, ಸ್ವಯಂಸೇವೆ ಮೂರನ್ನೂ ಮಾಡಿ ನೋಡಿದ್ದೇನೆ. ಮೂರೂ ಕಡೆ ನಾನು ಒಯ್ದದ್ದು ಹೆಚ್ಚುಕಮ್ಮಿ ಒಂದೇ ಸರಕು: ಕರೆಂಟ್ ಬಿಲ್ಲು ಓದುವುದು, ಪ್ಯಾನೆಲ್ಲಿನ ರೋಗ ಹಿಡಿಯುವುದು, ಅರ್ಥಿಂಗ್ ಸರಿಯಿದೆಯೇ ನೋಡುವುದು. ಆದರೆ ಒಂದೊಂದು ಕಡೆ ಅದರ ಬೇರೆ ಬೇರೆ ತುಂಡಿಗೆ ಬೆಲೆ. ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, ‘ನಿಮ್ಮ ಅನುಭವದ ಯಾವ ತುಂಡು ಇನ್ನೂ ಹರಿತವಾಗಿದೆ?’ ಅಂತ.

ಕಾರ್ಖಾನೆಯಿಂದ ಶುರು ಮಾಡುತ್ತೇನೆ, ದುಡ್ಡು ಇರುವುದು ಅಲ್ಲೇ. ದೊಡ್ಡ ಕಂಪನಿಗಳಿಗೆ ನಮ್ಮಂಥವರು ಬೇಕಿಲ್ಲ, ಅವರಲ್ಲಿ ಇಂಜಿನಿಯರುಗಳಿದ್ದಾರೆ. ನಮ್ಮ ಗಿರಾಕಿ ಹೆಬ್ಬಾಳದಲ್ಲೋ ನಂಜನಗೂಡಿನಲ್ಲೋ ಐವತ್ತು ಅರವತ್ತು ಜನರನ್ನಿಟ್ಟುಕೊಂಡ ಮಾಲೀಕ. ಅವನಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇರುತ್ತಾನೆ, ಬಿಲ್ಲನ್ನು ಅಕೌಂಟ್ಸ್‌ನವರು ಕಟ್ಟುತ್ತಾರೆ, ಆ ಬಿಲ್ಲನ್ನು ಓದುವವರು ಮಾತ್ರ ಯಾರೂ ಇರುವುದಿಲ್ಲ.

ಅಂಥ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕದ ಲೆಕ್ಕ ನೋಡಿ. ಹೈಟೆನ್ಷನ್ ಸಂಪರ್ಕ. ವಿದ್ಯುತ್ ಕಂಪನಿಯ ಜೊತೆ ಒಪ್ಪಂದವಾದ ಗರಿಷ್ಠ ಬೇಡಿಕೆ, ಅಂದರೆ ಕಾಂಟ್ರ್ಯಾಕ್ಟ್ ಡಿಮ್ಯಾಂಡ್, 250 ಕೆವಿಎ. ಮೀಟರಿನಲ್ಲಿ ದಾಖಲಾಗುತ್ತಿದ್ದ ಗರಿಷ್ಠ ಬೇಡಿಕೆ 140ರ ಆಸುಪಾಸು. ಆ ಬಿಲ್ಲಿನ ಪ್ರಕಾರ ದಾಖಲಾದ ಬೇಡಿಕೆ ಅಥವಾ ಕಾಂಟ್ರ್ಯಾಕ್ಟ್ ಡಿಮ್ಯಾಂಡಿನ ಶೇ. 85, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಅಂದರೆ ಬಳಸಿದ್ದು 140, ಕಟ್ಟುತ್ತಿದ್ದುದು 212ಕ್ಕೆ. ಇದರ ಮೇಲೆ ಪವರ್ ಫ್ಯಾಕ್ಟರ್, ಅಂದರೆ ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.82. ಅದು 0.90ಕ್ಕಿಂತ ಇಳಿದರೆ ಪ್ರತಿ 0.01ಕ್ಕೆ ಯೂನಿಟ್ಟಿಗೆ 3 ಪೈಸೆಯಂತೆ ಸರ್‌ಚಾರ್ಜು. ತಿಂಗಳಿಗೆ 25,000 ಯೂನಿಟ್ ಸುಡುವವನಿಗೆ ಇದೊಂದರಲ್ಲೇ 6,000 ರೂಪಾಯಿ ದಂಡ.

ಪ್ಯಾನೆಲ್ ರೂಮಿಗೆ ಹೋದರೆ, ಪವರ್ ಫ್ಯಾಕ್ಟರ್ ಏರಿಸುವ ಕೆಪ್ಯಾಸಿಟರ್‌ಗಳನ್ನು ಹಂತಹಂತವಾಗಿ ಆನ್ ಮಾಡುವ ರಿಲೇ ಮೇಲೆ ಎಲ್ಲ ಹಂತಗಳ ದೀಪವೂ ಉರಿಯುತ್ತಿತ್ತು. ‘ಎಲ್ಲಾ ಆನ್ ಇದೆ ಸಾರ್, ಇನ್ನೊಂದು ಕೆಪ್ಯಾಸಿಟರ್ ಬ್ಯಾಂಕ್ ಹಾಕಬೇಕು ಅಷ್ಟೆ’ ಎಂದ ಎಲೆಕ್ಟ್ರಿಷಿಯನ್. ಆದರೆ ಆ ದೀಪ ಹೇಳುವುದು ರಿಲೇ ಆಜ್ಞೆ ಕೊಟ್ಟಿದೆ ಎಂದು ಮಾತ್ರ, ಕೆಪ್ಯಾಸಿಟರ್ ಕೆಲಸ ಮಾಡುತ್ತಿದೆ ಎಂದಲ್ಲ. 440 ವೋಲ್ಟಿನ 25 ಕೆವಿಎಆರ್ ಕೆಪ್ಯಾಸಿಟರ್ ನಮ್ಮ 415 ವೋಲ್ಟಿನಲ್ಲಿ ಒಂದೊಂದು ಫೇಸಿಗೆ ಸುಮಾರು 31 ಆಂಪ್ಸ್ ಎಳೆಯಬೇಕು. ಕ್ಲಾಂಪ್ ಮೀಟರ್ ಹಾಕಿದರೆ ಒಂದು ಹಂತದಲ್ಲಿ 30, ಪಕ್ಕದ್ದರಲ್ಲಿ 14, ಅದರ ಪಕ್ಕದ್ದರಲ್ಲಿ ಎರಡು ಫೇಸಿನಲ್ಲಿ ಸ್ವಲ್ಪ ಇದ್ದು ಮೂರನೆಯದರಲ್ಲಿ ಏನೂ ಇಲ್ಲ. ಡಬ್ಬಿಯ ತಲೆ ಉಬ್ಬಿತ್ತು. ಹೊಸ ಬ್ಯಾಂಕ್ ಬೇಕಿರಲಿಲ್ಲ, ಸತ್ತವನ್ನು ಬದಲಿಸಿದರೆ ಸಾಕಿತ್ತು.

ಬದಲಿಸಿದ ಮೇಲೆ ಪವರ್ ಫ್ಯಾಕ್ಟರ್ 0.98ಕ್ಕೆ ಬಂತು. ಅದೇ 115 ಕಿಲೋವ್ಯಾಟ್ ಲೋಡಿಗೆ ಬೇಡಿಕೆ 140ರಿಂದ 117 ಕೆವಿಎಗೆ ಇಳಿಯಿತು. ಇಲ್ಲಿ ಕೆಲಸದ ಕ್ರಮ ಮುಖ್ಯ. ಮೊದಲು ಕೆಪ್ಯಾಸಿಟರ್, ಆಮೇಲೆ ಕೆಲವು ತಿಂಗಳ ಬಿಲ್ಲು ನೋಡುವುದು, ಅದಾದ ಮೇಲೆ ಡಿಮ್ಯಾಂಡ್ ಇಳಿಸುವ ಅರ್ಜಿ. ನಾನು 150 ಸಾಕೆಂದೆ. ಮಾಲೀಕ, ‘120 ಮಾಡಿಬಿಡಿ, ಇನ್ನೂ ಉಳಿಯುತ್ತಲ್ಲ’ ಎಂದರು. ಬೇಡವೆಂದು ಹೇಳಬೇಕಾಯಿತು. ಕಾಂಟ್ರ್ಯಾಕ್ಟ್ ಡಿಮ್ಯಾಂಡ್ ದಾಟಿದ ಭಾಗಕ್ಕೆ ಎರಡು ಪಟ್ಟು ದರ ಬೀಳುತ್ತದೆ, ಒಂದು ಹೊಸ ಕಂಪ್ರೆಸರ್ ತಂದರೆ ಉಳಿಸಿದ್ದೆಲ್ಲ ಹೋಗುತ್ತದೆ. 150ರ ಶೇ. 85 ಅಂದರೆ 127. ಬಿಲ್ಲಿಗೆ ಬೀಳುವ ಬೇಡಿಕೆ 85 ಕೆವಿಎ ಇಳಿದಂತಾಯಿತು. ಕೆವಿಎಗೆ 300 ರೂಪಾಯಿ ಎಂದೇ ಹಿಡಿದರೂ ತಿಂಗಳಿಗೆ 25,500 ರೂಪಾಯಿ ಉಳಿತಾಯ.

ಇಷ್ಟಕ್ಕೆ ಫೀಸು ಎಷ್ಟು? ಕನ್ಸಲ್ಟೆನ್ಸಿಯ ನಿಜವಾದ ಕಷ್ಟ ಈ ಪ್ರಶ್ನೆಯಲ್ಲಿದೆ. ‘ಅರ್ಧ ಗಂಟೆ ನೋಡಿದ್ರಿ, ಅದಕ್ಕೆ ಇಷ್ಟಾ ಸಾರ್?’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕಿಂತ ಮುಂಚೆ, ‘ಒಂದ್ಸಲ ಹಂಗೇ ಬಂದು ನೋಡ್ಕೊಂಡ್ ಹೋಗಿ, ಕಾಫಿ ಕುಡ್ದಂಗೂ ಆಗುತ್ತೆ’ ಎಂಬ ಆಹ್ವಾನ. ನಮ್ಮೂರಿನ ಕಾಫಿಯ ಬಗ್ಗೆ ನನಗೆ ತಕರಾರಿಲ್ಲ, ಆದರೆ ಆ ಕಾಫಿಯ ಜೊತೆಗೇ ಉತ್ತರವನ್ನೂ ಕೊಟ್ಟು ಬಂದರೆ ಬಿಲ್ಲು ಬರೆಯಲು ಏನೂ ಉಳಿಯುವುದಿಲ್ಲ. ಉಳಿತಾಯದಲ್ಲಿ ಪಾಲು ಎಂಬ ಒಪ್ಪಂದ ಕೇಳಲು ಚೆನ್ನ. ಆದರೆ ಮೂರು ತಿಂಗಳಲ್ಲಿ ಆರ್ಡರ್ ಹೆಚ್ಚಾಗಿ ಬಿಲ್ಲು ಏರಿದರೆ ‘ಎಲ್ಲಿ ಉಳೀತು?’ ಎಂದು ಜಗಳ. ಈಗ ನನ್ನದು ನಿಗದಿತ ಮೊತ್ತ, ಅರ್ಧ ಮುಂಗಡ, ಇನ್ನರ್ಧ ಲಿಖಿತ ವರದಿ ಕೈಗೆ ಕೊಟ್ಟಾಗ. ಪ್ಯಾನೆಲ್ ಮಾರುವವರು ಕಮಿಷನ್ ಕೊಡಲು ಬರುತ್ತಾರೆ. ಒಮ್ಮೆ ತೆಗೆದುಕೊಂಡರೆ ‘ಹೊಸ ಬ್ಯಾಂಕ್ ಬೇಡ’ ಎಂದು ಹೇಳುವ ಬಾಯಿ ನಮಗಿರುವುದಿಲ್ಲ.

ತೆರಿಗೆಯ ವಿಷಯ ಸುಲಭ. ಇಂಜಿನಿಯರಿಂಗ್ ವೃತ್ತಿಯವರು ಬಂದ ಫೀಸಿನ ಅರ್ಧವನ್ನು ಆದಾಯವೆಂದು ತೋರಿಸುವ ಅಂದಾಜು ಪದ್ಧತಿ ಇದೆ, ಖರ್ಚಿನ ರಸೀದಿಗಳ ಕಂತೆ ಬೇಕಿಲ್ಲ. ವರ್ಷದ ಫೀಸು 20 ಲಕ್ಷದ ಒಳಗಿದ್ದರೆ ಜಿಎಸ್‌ಟಿ ನೋಂದಣಿಯೂ ಬೇಡ, ನಮ್ಮಂಥವರದು ಅದರ ಹತ್ತಿರವೂ ಸುಳಿಯುವುದಿಲ್ಲ. ನಿಮ್ಮ ಫೀಸಿನಲ್ಲಿ ಟಿಡಿಎಸ್ ಮುರಿದುಕೊಂಡವರು ಅದನ್ನು ನಿಮ್ಮ ಪ್ಯಾನ್ ನಂಬರಿಗೆ ಕಟ್ಟಿದ್ದಾರೆಯೇ ಎಂಬುದೊಂದನ್ನು ನೋಡಿಕೊಳ್ಳಬೇಕು.

ಇನ್ನು ಪಾಠ. ಖಾಸಗಿ ಪಾಲಿಟೆಕ್ನಿಕ್ ಒಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಒಂದು ಸೆಮಿಸ್ಟರ್ ಮುಗಿಸಿದೆ. ದುಡ್ಡಿನಲ್ಲಿ ಇದು ಕನ್ಸಲ್ಟೆನ್ಸಿಯ ಹತ್ತಿರವೂ ಬರುವುದಿಲ್ಲ. ಗಂಟೆಯ ಲೆಕ್ಕ, ಅದೂ ತಡವಾಗಿ. ನನಗೆ ಭಾರವಾದದ್ದು ಅದಲ್ಲ. ಹಾಜರಿ, ಇಂಟರ್ನಲ್ ಮಾರ್ಕ್ಸು, ಪೋರ್ಷನ್ನು ಎಷ್ಟಕ್ಕೆ ಬಂತೆಂದು ವಾರವಾರ ಬರೆದುಕೊಡುವುದು. ಮೂವತ್ತು ವರ್ಷ ಶಿಫ್ಟ್ ರಿಪೋರ್ಟ್ ಬರೆದವನಿಗೆ ಮತ್ತೆ ಅದೇ ಗ್ರಹಚಾರ.

ಆದರೆ ತರಗತಿಯೊಳಗೆ ಬೇರೆಯೇ ಸಂಗತಿ. ಹುಡುಗರು ಪವರ್ ಫ್ಯಾಕ್ಟರ್ ತ್ರಿಕೋನ ಬರೆದು ಲೆಕ್ಕ ಮಾಡುತ್ತಿದ್ದರು. ಹೆಸರು, ಆರ್‌ಆರ್ ನಂಬರ್ ಮುಚ್ಚಿದ ಒಂದು ನಿಜವಾದ ಬಿಲ್ಲು ಕೊಟ್ಟು, ‘ಇದರಲ್ಲಿ ಕೆವಿಎ ಎಲ್ಲಿದೆ ತೋರ್ಸಿ’ ಎಂದರೆ ಎಲ್ಲರೂ ಗಪ್‌ಚುಪ್. ಆ ಬಿಲ್ಲನ್ನೇ ಹಿಡಿದು ಒಂದು ವಾರ ಪಾಠ ಮಾಡಿದೆ. ಲ್ಯಾಬಿನಲ್ಲಿ ಒಂದು ಒಳ್ಳೆಯ, ಒಂದು ಕೆಟ್ಟ ಕೆಪ್ಯಾಸಿಟರ್ ಇಟ್ಟು ಕ್ಲಾಂಪ್ ಮೀಟರ್ ಕೈಗೆ ಕೊಟ್ಟೆ. ಸ್ವಿಚ್ ಆಫ್ ಮಾಡಿದ ಮೇಲೂ ಕೆಲವು ನಿಮಿಷ ಅದರ ತುದಿ ಮುಟ್ಟಬಾರದು ಎಂಬುದನ್ನು ಅವರು ಪುಸ್ತಕದಲ್ಲಿ ಓದಿದ್ದರು, ಆದರೆ ಕೈ ಮಾತ್ರ ತಾನಾಗಿ ಮುಂದೆ ಹೋಗುತ್ತಿತ್ತು.

ಕನ್ಸಲ್ಟೆನ್ಸಿಯಲ್ಲಿ ಮಾಲೀಕನಿಗೆ ಬೇಕಾದದ್ದು ನನ್ನ ತೀರ್ಮಾನ, ಕಾರಣವನ್ನು ಅವನು ಕೇಳುವುದಿಲ್ಲ. ಇಲ್ಲಿ ಕಾರಣವೇ ಬೇಕು. 14 ಆಂಪ್ಸ್ ನೋಡಿದ ಕೂಡಲೇ ‘ಸತ್ತಿದೆ’ ಎನ್ನುವ ನನಗೆ ಅದು ಯಾಕೆ 31 ಇರಬೇಕಿತ್ತು ಎಂದು ಬೋರ್ಡಿನ ಮೇಲೆ ತೋರಿಸಲು ಹಳೆಯ ಪಠ್ಯಪುಸ್ತಕ ತೆಗೆಯಬೇಕಾಯಿತು. ಮೂರರಲ್ಲಿ ನನ್ನ ತಲೆಯನ್ನು ತೊಳೆದು ಒಣಗಿಸಿದ್ದು ಇದೇ. ಪಾಠದ ಆಸೆ ಇರುವವರಿಗೆ ನನ್ನ ಸಲಹೆ: ಇಡೀ ಸೆಮಿಸ್ಟರ್ ಒಪ್ಪಿಕೊಳ್ಳಬೇಡಿ, ಒಂದು ಲ್ಯಾಬ್ ಅಥವಾ ಒಂದು ವಾರದ ಕಾರ್ಯಾಗಾರ ಕೇಳಿ. ಇಂಜಿನಿಯರಿಂಗ್ ಕಾಲೇಜಿನ ಮೇಲೆ ಕಣ್ಣಿದ್ದರೆ, ಕಾಯಂ ಬೋಧಕರಿಗೆ ಬೇಕಾದ ಸ್ನಾತಕೋತ್ತರ ಪದವಿ ನಿಮ್ಮಲ್ಲಿಲ್ಲದಿದ್ದರೂ ಯುಜಿಸಿ 2022ರಲ್ಲಿ ತಂದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ದಾರಿ ಇದೆ. ಅದಕ್ಕೆ ಕನಿಷ್ಠ 15 ವರ್ಷದ ಕೆಲಸದ ಅನುಭವ ಬೇಕು, ಪದವಿ ಕಡ್ಡಾಯವಲ್ಲ. ಆದರೆ ಅದು ಕಾಯಂ ಹುದ್ದೆಯಲ್ಲ, ತೆಗೆದುಕೊಳ್ಳುವುದು ಬಿಡುವುದು ಕಾಲೇಜಿನ ಮರ್ಜಿ.

ಸ್ವಯಂಸೇವೆ ಸುಲಭವೆಂದು ಎಲ್ಲರೂ ತಿಳಿಯುತ್ತಾರೆ. ನನಗೆ ಮೂರರಲ್ಲಿ ಅದೇ ಕಷ್ಟವಾಯಿತು. ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ, ನಮ್ಮ ಅತ್ತೆ ಮನೆಯ ಊರು. ‘ಏನು ಬೇಕಾದರೂ ಮಾಡ್ತೀನಿ ಮೇಡಂ’ ಎಂದರೆ ಹೆಡ್‌ಮಿಸ್ಟ್ರೆಸ್‌ಗೆ ನನ್ನನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲಿಲ್ಲ. ಎಸ್ಸೆಸ್ಸೆಲ್ಸಿ ಹತ್ತಿರ ಬಂದರೆ ಅವರಿಗೆ ಒಂದೊಂದು ಪೀರಿಯಡ್ಡೂ ಚಿನ್ನ. ‘ಹತ್ತನೇ ತರಗತಿಯ ವಿದ್ಯುತ್ ಪಾಠದ ಪ್ರಯೋಗ ಮಾತ್ರ, ತಿಂಗಳಿಗೊಂದು ಶನಿವಾರ’ ಎಂದು ಚಿಕ್ಕದಾಗಿ ಹೇಳಿದ ಮೇಲೆ ಜಾಗ ಸಿಕ್ಕಿತು. ಗೊತ್ತಿರುವ ಶಾಲೆ ಇಲ್ಲದವರಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಪೋರ್ಟಲ್ ಇದೆ. ಯಾವ ನೆರವು ಬೇಕೆಂದು ಶಾಲೆಗಳೇ ಅಲ್ಲಿ ಹಾಕುತ್ತವೆ.

ಅಲ್ಲಿಯೇ ಒಂದು ದಿನ ಮಕ್ಕಳು, ನೀರಿನ ಮೋಟಾರ್ ಮುಟ್ಟಿದರೆ ಜುಂ ಅನ್ನುತ್ತದೆ ಎಂದರು. ಮೋಟಾರಿನಿಂದ ಅರ್ಥ್ ತಂತಿ ನೆಲದ ಅರ್ಥಿಂಗ್ ಗುಂಡಿಯವರೆಗೆ ಹೋಗಿತ್ತು, ಗುಂಡಿಯಲ್ಲಿ ಕ್ಲಾಂಪು ತುಕ್ಕು ತಿಂದು ಬಿಟ್ಟುಕೊಂಡಿತ್ತು. ಬೋರ್ಡಿನಲ್ಲಿ ಆರ್‌ಸಿಸಿಬಿಯೇ ಇರಲಿಲ್ಲ. 30 ಮಿಲಿ ಆಂಪ್ಸ್ ಸೋರಿದರೆ ಕರೆಂಟು ಕಡಿಯುವ ಆ ಡಬ್ಬಿಯ ಬೆಲೆ ಹೆಚ್ಚೇನಲ್ಲ. ಕಾರ್ಖಾನೆಯಲ್ಲಾಗಿದ್ದರೆ ಮಧ್ಯಾಹ್ನದೊಳಗೆ ಮಾಡಿಸುತ್ತಿದ್ದೆ. ಇಲ್ಲಿ ನನಗೆ ಅಧಿಕಾರವಿಲ್ಲ, ಕೈ ಹಾಕುವಂತೆಯೂ ಇಲ್ಲ. ಆ ಕೆಲಸ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು. ನಾನು ಮಾಡಿ ನಾಳೆ ಏನಾದರೂ ಆದರೆ ಮೊದಲು ಪ್ರಶ್ನೆ ಬರುವುದು ಹೆಡ್‌ಮಿಸ್ಟ್ರೆಸ್‌ಗೆ. ಹಾಗಾಗಿ ಮೊದಲು ಮೋಟಾರಿನ ಸ್ವಿಚ್ಚಿಗೆ ಬೀಗ ಹಾಕಿಸಿದೆ, ಆಮೇಲೆ ಒಂದು ಪುಟದ ವರದಿ ಬರೆದುಕೊಟ್ಟೆ, ಫೋಟೋ ಸಮೇತ, ಬೇಕಾದ ಸಾಮಾನಿನ ಪಟ್ಟಿ ಸಮೇತ. ಮೇಡಂ ಅದನ್ನು ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟರು. ದುಡ್ಡು ಹೊಂದಿಸಿ, ಲೈಸೆನ್ಸ್ ಇರುವವರನ್ನು ಹುಡುಕಿ ಕೆಲಸ ಮುಗಿಯುವ ಹೊತ್ತಿಗೆ ಬೇಸಿಗೆ ರಜೆ ಬಂತು. ಅಲ್ಲಿಯವರೆಗೆ ನೀರನ್ನು ಕೈಪಂಪಿನಿಂದಲೇ ಹೊತ್ತರು. ಇಷ್ಟು ಕಾಯುವ ತಾಳ್ಮೆ ಇಲ್ಲದವರಿಗೆ ಸ್ವಯಂಸೇವೆ ಬೇಡ. ಸಂಬಳವಿಲ್ಲದ ಕಡೆ ಸಿಟ್ಟು ಬೇಗ ಬರುತ್ತದೆ.

ಈಗ ನನ್ನ ಹಂಚಿಕೆ ಹೀಗಿದೆ. ಕಾರ್ಖಾನೆಗಳು ಎರಡೇ, ಹೊಸದು ಬಂದರೆ ಪರಿಚಯದ ಕಿರಿಯರಿಗೆ ದಾಟಿಸುತ್ತೇನೆ. ಪಾಲಿಟೆಕ್ನಿಕ್‌ಗೆ ವರ್ಷಕ್ಕೊಂದು ಕಾರ್ಯಾಗಾರ. ಶಾಲೆಯ ಶನಿವಾರ ಮಾತ್ರ ಬಿಟ್ಟಿಲ್ಲ. ಮುಂದಿನ ವರ್ಷ ರಿಟೈರ್ ಆಗುವ ನನ್ನ ಹಳೆಯ ಸಹೋದ್ಯೋಗಿ ಯಾವುದನ್ನು ಮೊದಲು ಹಿಡಿಯಲಿ ಎಂದು ಕೇಳಿದಾಗ ಒಂದು ಲ್ಯಾಬು ಅಥವಾ ಶಾಲೆ ಎಂದೆ. ಗಿರಾಕಿ ಹುಡುಕುವುದಕ್ಕೆ ಹೇಗೂ ಆರು ತಿಂಗಳು ಬೇಕು. ಜೊತೆಗೆ, ವಿದ್ಯುತ್ ಕೆಲಸದ ಸೂಪರ್‌ವೈಸರ್ ಪರ್ಮಿಟ್ ಇದ್ದರೆ ಅದರ ಅವಧಿ ಕೆಲಸದಲ್ಲಿರುವಾಗಲೇ ನೋಡಿಕೋ, ಮುಗಿಯುವುದಿದ್ದರೆ ಈಗಲೇ ನವೀಕರಿಸು ಎಂದೂ ಹೇಳಿದೆ.