ಕೆಟ್ಟುನಿಂತ ಹಾರ್ಡ್ ಡಿಸ್ಕನ್ನು ಫ್ರೀಜರಿನಲ್ಲಿ ಇಡಬೇಡಿ

ಕೆಟ್ಟುನಿಂತ ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಬೆಳಿಗ್ಗೆ ಅದು ಸ್ವಲ್ಪ ಹೊತ್ತು ಓಡುತ್ತದೆ, ಅಷ್ಟರಲ್ಲಿ ಬೇಕಾದ ಫೈಲುಗಳನ್ನು ತೆಗೆದುಕೊಂಡುಬಿಡಬಹುದು ಎಂಬ ಸಲಹೆ ಇಂದಿಗೂ ರಿಪೇರಿ ಅಂಗಡಿಗಳಲ್ಲಿ ಕೇಳಿಬರುತ್ತದೆ. ಕಳೆದ ಮಳೆಗಾಲದಲ್ಲಿ ಉಡುಪಿಯಲ್ಲಿರುವ ನನ್ನ ಭಾವನವರ ಡಿಸ್ಕಿಗೆ ಇದೇ ಉಪಾಯವನ್ನು ಮಾಡಲಾಯಿತು. ಅದರ ಪರಿಣಾಮವಾಗಿ, ಬಹುತೇಕ ಪೂರ್ತಿಯಾಗಿ ಉಳಿಯಬಹುದಾಗಿದ್ದ ಅವರ ಮನೆಯ ವಿಡಿಯೋಗಳು ಶಾಶ್ವತವಾಗಿ ಹೋದವು. ಬೇರೆಯವರ ಡಿಸ್ಕಿಗೂ ಹೀಗಾಗಬಾರದೆಂದು, ನಡೆದದ್ದನ್ನೂ ಅದರ ಕಾರಣವನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅದು ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್ ಮೂಲಕ ಜೋಡಿಸುವ, ಅಂಗೈಯಗಲದ 1 ಟೆರಾಬೈಟ್ ಡಿಸ್ಕು. ಫೈಲುಗಳು ಕಾಪಿಯಾಗುತ್ತಿರುವಾಗಲೇ ಯಾರದೋ ಕಾಲಿಗೆ ಕೇಬಲ್ ಸಿಕ್ಕಿ ಮೇಜಿನಿಂದ ನೆಲಕ್ಕೆ ಬಿತ್ತು. ಆಮೇಲೆ ಜೋಡಿಸಿದಾಗ ದೀಪವೇನೋ ಹತ್ತುತ್ತಿತ್ತು, ಆದರೆ ಡಿಸ್ಕು ತಿರುಗುವ ಶಬ್ದ ಬರುತ್ತಿರಲಿಲ್ಲ. ಅದರ ಬದಲು ಕಿವಿಯನ್ನು ಹತ್ತಿರವಿಟ್ಟರೆ ಮಾತ್ರ ಕೇಳಿಸುವಷ್ಟು ಸಣ್ಣಗೆ ‘ಟುಂಯ್, ಟುಂಯ್’ ಎಂದು ಕೆಲವು ಸಲ ಮಿಡಿದು ಸುಮ್ಮನಾಗುತ್ತಿತ್ತು. ಊರಿನ ಅಂಗಡಿಯವರು ಕೇಳಿ ನೋಡಿ, “ರಾತ್ರಿಯಿಡೀ ಫ್ರೀಜರಿನಲ್ಲಿಡಿ ಸಾರ್, ಬೆಳಿಗ್ಗೆ ತೆಗೆದ ಕೂಡಲೇ ಹಾಕಿ, ತಣ್ಣಗಿರುವಾಗಲೇ ಕಾಪಿ ಮಾಡಿಕೊಳ್ಳಬೇಕು” ಎಂದರಂತೆ. ಭಾವ ಹಾಗೆಯೇ ಮಾಡಿದರು.

ಆ ‘ಟುಂಯ್’ ಶಬ್ದದ ಅರ್ಥ ಗೊತ್ತಿದ್ದವರು ಯಾರೂ ಆ ಡಿಸ್ಕಿಗೆ ಮತ್ತೊಮ್ಮೆ ವಿದ್ಯುತ್ ಕೊಡುತ್ತಿರಲಿಲ್ಲ. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಷ್ಟು ನುಣುಪಾದ ತಟ್ಟೆಗಳಿರುತ್ತವೆ. ಇಂತಹ ಚಿಕ್ಕ ಡಿಸ್ಕುಗಳಲ್ಲಿ ಅವು ಸಾಮಾನ್ಯವಾಗಿ ಗಾಜಿನವು, ಅವುಗಳ ಮೇಲೆ ಮಾಹಿತಿಯನ್ನು ಹಿಡಿದಿಡುವ ಕಾಂತೀಯ ಪದರವಿರುತ್ತದೆ. ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುವಾಗ ಅದರೊಡನೆ ಸುತ್ತುವ ಗಾಳಿಯೇ ಓದುವ ಹೆಡ್ಡನ್ನು ಎತ್ತಿ ಹಿಡಿಯುತ್ತದೆ. ಹೆಡ್ಡಿಗೂ ತಟ್ಟೆಗೂ ನಡುವೆ ಉಳಿಯುವ ಅಂತರ ಕೆಲವೇ ನ್ಯಾನೋಮೀಟರು. ಕೆಲಸ ಮುಗಿದಾಗ ಹೆಡ್ಡು ತಟ್ಟೆಯ ಅಂಚಿನಾಚೆಗಿರುವ ಪ್ಲಾಸ್ಟಿಕ್ ಇಳಿಜಾರಿನ ಮೇಲೆ ಹೋಗಿ ಕುಳಿತುಕೊಳ್ಳಬೇಕು. ಓಡುತ್ತಿರುವ ಡಿಸ್ಕು ಬಿದ್ದಾಗ ಹೆಡ್ಡು ಅಲ್ಲಿಗೆ ತಲುಪದೆ ತಟ್ಟೆಯ ಮೇಲೆಯೇ ಉಳಿಯುವುದುಂಟು. ಎರಡು ಅತಿ ನುಣುಪಾದ ಮೇಲ್ಮೈಗಳು ಒಂದಕ್ಕೊಂದು ತಾಗಿ ನಿಂತರೆ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತವೆಯೆಂದರೆ, ಆ ಸಣ್ಣ ಮೋಟಾರಿಗೆ ತಟ್ಟೆಯನ್ನು ಅಲುಗಿಸಲು ಸಾಧ್ಯವಾಗುವುದಿಲ್ಲ. ಮೋಟಾರು ತಿರುಗಲು ಯತ್ನಿಸಿ ಸೋಲುವಾಗ ಬರುವ ಶಬ್ದವೇ ಅದು. ಡೇಟಾ ರಿಕವರಿಯ ಪ್ರಯೋಗಾಲಯಗಳಲ್ಲಿ ಧೂಳಿಲ್ಲದ ಮೇಜಿನ ಮೇಲೆ ಮುಚ್ಚಳ ತೆಗೆದು, ತಟ್ಟೆಯನ್ನು ಮೆಲ್ಲಗೆ ತಿರುಗಿಸುತ್ತಾ ಹೆಡ್ಡನ್ನು ತಕ್ಕ ಸಲಕರಣೆಯಿಂದ ಎತ್ತಿ ಮತ್ತೆ ಇಳಿಜಾರಿಗೆ ತಂದು ಕೂರಿಸುತ್ತಾರೆ. ಡಿಸ್ಕಿನ ರೋಗಗಳಲ್ಲಿ ಇದು ವಾಸಿಯಾಗುವ ಸಾಧ್ಯತೆ ಚೆನ್ನಾಗಿಯೇ ಇರುವ ರೋಗ.

ಫ್ರೀಜರಿನ ಉಪಾಯವೂ ಹುಟ್ಟಿದ್ದು ಇಂತಹದೇ ಅಂಟಿನಿಂದ, ಆದರೆ ಬೇರೆ ಬಗೆಯ ಡಿಸ್ಕುಗಳಲ್ಲಿ. 1980ರ ಮತ್ತು 90ರ ದಶಕಗಳಲ್ಲಿ ಹೆಡ್ಡುಗಳು ತಂಗುತ್ತಿದ್ದದ್ದೇ ತಟ್ಟೆಯ ಮೇಲೆ. ತಟ್ಟೆಗೆ ಸವರಿದ ಎಣ್ಣೆಯ ಪದರ ಅಂಟಂಟಾಗಿ ಹೆಡ್ಡು ಕಚ್ಚಿಕೊಂಡರೆ, ತಂಪಿಗೆ ಲೋಹ ಕುಗ್ಗಿದಾಗ ಅಥವಾ ಪಕ್ಕಕ್ಕೆ ತಟ್ಟಿದಾಗ ಅದು ಬಿಟ್ಟುಕೊಳ್ಳುವುದಿತ್ತು. ಆ ಹೆಡ್ಡುಗಳು ದೊಡ್ಡವು, ಹಾರುವ ಎತ್ತರವೂ ಹೆಚ್ಚು, ಬೇರಿಂಗುಗಳಲ್ಲಿ ಗುಂಡುಗಳಿರುತ್ತಿದ್ದವು. ಸ್ಟೆಪ್ಪರ್ ಮೋಟಾರಿನ ಹಳೆಯ ಡಿಸ್ಕುಗಳಲ್ಲಂತೂ ಹೆಡ್ಡು ಜಾಡಿನ ಮೇಲೆ ಸರಿಯಾಗಿ ಕೂರುವುದು ಉಷ್ಣತೆಯನ್ನು ಅವಲಂಬಿಸಿತ್ತು. ಆದ್ದರಿಂದ ಬಿಸಿಯಲ್ಲಿ ಓದಲಾಗದ ಜಾಡು ತಂಪಿನಲ್ಲಿ ಓದಿಸಿಕೊಳ್ಳುತ್ತಿದ್ದದ್ದು ಸುಳ್ಳಲ್ಲ. 2000ದ ನಂತರ ಬಂದ ಡಿಸ್ಕುಗಳಲ್ಲಿ ಗುಂಡುಗಳ ಜಾಗಕ್ಕೆ ತೆಳು ಎಣ್ಣೆಯ ಮೇಲೆ ತೇಲುವ ಬೇರಿಂಗು ಬಂತು, ತಂಪಾದರೆ ಆ ಎಣ್ಣೆ ದಪ್ಪವಾಗಿ ಮೋಟಾರಿಗೆ ತಿರುಗುವುದು ಇನ್ನಷ್ಟು ಕಷ್ಟ. ಉಪಾಯವನ್ನು ಸಾಧ್ಯವಾಗಿಸಿದ್ದ ಯಂತ್ರವೇ ಹೋಯಿತು, ಉಪಾಯ ಮಾತ್ರ ಬಾಯಿಂದ ಬಾಯಿಗೆ ಉಳಿದುಕೊಂಡಿತು.

ಇನ್ನೊಂದು ಸಂದರ್ಭದಲ್ಲಿ ಮಾತ್ರ ತಂಪಿಗೆ ನಿಜವಾದ ಪಾತ್ರವಿದೆ. ಡಿಸ್ಕಿನ ಕೆಳಗಿರುವ ಸರ್ಕ್ಯೂಟ್ ಬೋರ್ಡಿನಲ್ಲಿ ಬೆಸುಗೆ ಬಿರುಕು ಬಿಟ್ಟಿದ್ದರೆ ಅಥವಾ ಚಿಪ್ಪೊಂದು ಕಾದಾಗ ಕೈಕೊಡುತ್ತಿದ್ದರೆ, ಡಿಸ್ಕು ಹತ್ತು ಹದಿನೈದು ನಿಮಿಷ ಸರಿಯಾಗಿ ನಡೆದು ಆಮೇಲೆ ಮಾಯವಾಗುತ್ತದೆ, ಆರಿದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಫ್ರೀಜರ್ ಬೇಕಿಲ್ಲ, ಎದುರಿಗೊಂದು ಟೇಬಲ್ ಫ್ಯಾನ್ ಸಾಕು. ‘ಫ್ರೀಜರಿನಲ್ಲಿಟ್ಟೆ, ಸರಿಹೋಯಿತು’ ಎನ್ನುವವರ ಅನುಭವಗಳಲ್ಲಿ ಕೆಲವು ಈ ಬಗೆಯವು ಎಂದೇ ನನ್ನ ಎಣಿಕೆ. ಇನ್ನು ಕೆಲವರ ಡಿಸ್ಕು ಓಡಿದ್ದು ರಾತ್ರಿಯಿಡೀ ಸುಮ್ಮನಿದ್ದುದರಿಂದಲೋ, ಸಡಿಲವಾಗಿದ್ದ ಕೇಬಲನ್ನು ಬೆಳಿಗ್ಗೆ ಸರಿಯಾಗಿ ಚುಚ್ಚಿದ್ದರಿಂದಲೋ ಇರಬೇಕು.

ಈಗ ಹಾನಿಯ ವಿಷಯಕ್ಕೆ ಬರುತ್ತೇನೆ. ಡಿಸ್ಕಿನ ವಿವರಪತ್ರದಲ್ಲಿ, ಓಡದಿರುವಾಗ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ತಂಪನ್ನೂ ತಾಳುತ್ತದೆ ಎಂದು ಬರೆದಿರುತ್ತದೆ. ಇದನ್ನು ತೋರಿಸಿ, ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿ ಯಾವ ಲೆಕ್ಕ ಎಂದು ವಾದಿಸುವವರಿದ್ದಾರೆ. ಆದರೆ ಅದೇ ಪತ್ರದಲ್ಲಿ, ಓಡುವಾಗಿನ ಉಷ್ಣತೆ ಸಾಮಾನ್ಯವಾಗಿ 5ರಿಂದ 60 ಡಿಗ್ರಿಯೊಳಗಿರಬೇಕು, ತೇವಾಂಶ ನೀರಾಗಿ ಕೂರಬಾರದು, ಉಷ್ಣತೆ ನಿಧಾನವಾಗಿಯೇ ಏರಿಳಿಯಬೇಕು ಎಂಬ ಷರತ್ತುಗಳೂ ಇರುತ್ತವೆ. ತಂಪು ತಾನಾಗಿ ಡಿಸ್ಕನ್ನು ಕೊಲ್ಲುವುದು ಅಪರೂಪ. ಕೊಲ್ಲುವುದು ತಂಪಿನಿಂದ ಹೊರತೆಗೆದ ಕೂಡಲೇ ಅದನ್ನು ಓಡಿಸುವ ಕ್ರಮ, ಮತ್ತು ಈ ಉಪಾಯದ ತಿರುಳೇ ‘ತೆಗೆದ ಕೂಡಲೇ ಓಡಿಸು’ ಎನ್ನುವುದು.

ಉಡುಪಿಯ ಜುಲೈ ತಿಂಗಳನ್ನೇ ತೆಗೆದುಕೊಳ್ಳೋಣ. ಕೋಣೆಯಲ್ಲಿ 28 ಡಿಗ್ರಿ ಸೆಲ್ಸಿಯಸ್, ಶೇಕಡ 85ರಷ್ಟು ತೇವಾಂಶ ಇದ್ದರೆ, ಸುಮಾರು 25 ಡಿಗ್ರಿಗಿಂತ ತಂಪಾಗಿರುವ ಯಾವ ವಸ್ತುವಿನ ಮೇಲಾದರೂ ಗಾಳಿಯ ತೇವ ನೀರಾಗಿ ಕೂರುತ್ತದೆ. ಫ್ರೀಜರಿನಿಂದ ಬಂದ ಡಿಸ್ಕು ಆ ಮಟ್ಟಕ್ಕಿಂತ 40 ಡಿಗ್ರಿಗೂ ಹೆಚ್ಚು ಕೆಳಗಿರುತ್ತದೆ. ಒಣ ಹವೆಯ ಊರಿನಲ್ಲಿದ್ದೇವೆ ಎಂಬ ಸಮಾಧಾನವೂ ಬೇಡ: 25 ಡಿಗ್ರಿ ಮತ್ತು ಶೇಕಡ 60ರ ತೇವಾಂಶದಲ್ಲಿಯೂ ಈ ಮಟ್ಟ ಹದಿನಾರು ಹದಿನೇಳು ಡಿಗ್ರಿಯಷ್ಟಿರುತ್ತದೆ. ಚೀಲ ಕಟ್ಟಿದ್ದೇವಲ್ಲ ಎನ್ನಬಹುದು. ಕೇಬಲ್ ಚುಚ್ಚಲು ಚೀಲವನ್ನು ಬಿಚ್ಚಲೇಬೇಕು, ಬಿಚ್ಚಿದ ಕ್ಷಣದಿಂದ ಕೋಣೆಯ ಗಾಳಿ ತಣ್ಣನೆಯ ಬೋರ್ಡಿಗೆ ತಾಗುತ್ತದೆ. ಇಂತಹ ಡಿಸ್ಕುಗಳ ಕವಚದಲ್ಲಿ ಗಾಳಿಯ ಒತ್ತಡ ಸರಿದೂಗಿಸಲು ಒಂದು ಸಣ್ಣ ರಂಧ್ರವೂ ಇರುತ್ತದೆ. ಅದರ ಸೋಸುಕ ಧೂಳನ್ನು ತಡೆಯುತ್ತದೆಯೇ ಹೊರತು ತೇವವನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಒಳಗಿನ ಗಾಳಿಯಲ್ಲಿ ಮೊದಲೇ ಇದ್ದ ತೇವವೂ ತಣ್ಣನೆಯ ತಟ್ಟೆಯನ್ನೇ ಹುಡುಕಿಕೊಂಡು ಹೋಗುತ್ತದೆ.

ಬೋರ್ಡಿನ ಮೇಲೆ ಕೂತ ನೀರಿನಿಂದ ಶಾರ್ಟ್ ಆಗಬಹುದು, ಮೋಟಾರಿಗೂ ಹೆಡ್ಡಿಗೂ ಹೋಗುವ ತಾಮ್ರದ ಬಿಂದುಗಳು ಕಿಲುಬು ಹಿಡಿಯಬಹುದು. ಅದನ್ನಾದರೂ ಸರಿಪಡಿಸಬಹುದು. ತಟ್ಟೆಯ ಮೇಲೆ ಕೂತ ನೀರಿನ ಕಥೆ ಬೇರೆ. ಹೆಡ್ಡು ಹಾರುವುದು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ಕಣ್ಣಿಗೆ ಕಾಣದ ಮಂಜಿನ ಹನಿಯೂ ಅದಕ್ಕಿಂತ ನೂರಾರು ಪಟ್ಟು ಎತ್ತರವಿರುತ್ತದೆ. ಹೆಡ್ಡು ಹನಿಗೆ ಬಡಿದು ತಟ್ಟೆಗೆ ಅಪ್ಪಳಿಸಿದರೆ ಕಾಂತೀಯ ಪದರ ಪುಡಿಯಾಗಿ ಏಳುತ್ತದೆ, ಆ ಪುಡಿ ಮತ್ತೆ ಹೆಡ್ಡಿಗೆ ಸಿಕ್ಕಿ ಗೀರು ಬೆಳೆಯುತ್ತಾ ಹೋಗುತ್ತದೆ. ಪದರ ಎದ್ದುಹೋದ ಕಡೆ ಇದ್ದ ಮಾಹಿತಿಯನ್ನು ಯಾರೂ ಮರಳಿ ತರಲಾರರು. ಹೆಡ್ಡು ಮೊದಲೇ ಅಂಟಿಕೊಂಡಿದ್ದರೆ ತೇವ ಅಲ್ಲಿಯೂ ಕೆಡಿಸುತ್ತದೆ: ಎರಡು ನುಣುಪು ಮೇಲ್ಮೈಗಳ ನಡುವೆ ನೀರು ಸೇರಿದರೆ ಅಂಟು ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ.

ಭಾವನವರ ಡಿಸ್ಕಿನಲ್ಲಿ ಆದದ್ದು ಇದೇ. ಬೆಳಿಗ್ಗೆ ಜೋಡಿಸಿದಾಗ ಮೊದಲಿನಂತೆಯೇ ‘ಟುಂಯ್’ ಎಂದಿತು, ಎರಡು ಮೂರು ಸಲ ಕೇಬಲ್ ಕಿತ್ತು ಹಾಕಿದ ಮೇಲೆ ಒಮ್ಮೆಲೇ ತಿರುಗಲಾರಂಭಿಸಿತು. ಎಲ್ಲರೂ ಹಿಗ್ಗಿದರಂತೆ. ಆದರೆ ಆ ತಿರುಗುವಿಕೆಯೊಡನೆ ಕರಕರ ಉಜ್ಜುವ ಶಬ್ದ, ಅದರ ಹಿಂದೆಯೇ ಒಂದೇ ಲಯದ ‘ಟಕ್ ಟಕ್’ ಬಂತು. ಅಂಗಡಿಯವರು, ಇನ್ನೊಂದು ರಾತ್ರಿ ಇಟ್ಟು ನೋಡಿ ಎಂದರು. ನನಗೆ ಫೋನು ಬಂದದ್ದು ಅದೂ ಮುಗಿದ ಮೇಲೆ. ಡಿಸ್ಕನ್ನು ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಕಳಿಸಿದೆವು. ಅವರು ಮುಚ್ಚಳ ತೆಗೆದು ಸೂಕ್ಷ್ಮದರ್ಶಕದ ಚಿತ್ರಗಳನ್ನು ತೋರಿಸಿದರು. ಒಂದು ಹೆಡ್ಡು ತನ್ನ ತೆಳು ಲೋಹದ ಪಟ್ಟಿಯಿಂದ ಕಿತ್ತು ಸೊಟ್ಟಗೆ ತಿರುಗಿತ್ತು, ಅದರ ಕೆಳಗಿನ ತಟ್ಟೆಯ ಮೇಲೆ ಉಂಗುರದಂತೆ ಗೀರುಗಳಿದ್ದವು, ಒಂದೆರಡು ಕಡೆ ಒಳಗಿನ ಗಾಜೇ ಕಾಣುತ್ತಿತ್ತು. ಗೀರಿಲ್ಲದ ಭಾಗದಲ್ಲಿ ಒಣಗಿದ ನೀರಿನ ಬಿಳಿ ಕಲೆಗಳು ಚುಕ್ಕೆ ಚುಕ್ಕೆಯಾಗಿ ಉಳಿದಿದ್ದವು. “ಬಿದ್ದ ದಿನವೇ ಹಾಗೇ ಕಳಿಸಿದ್ದರೆ ಹೆಡ್ಡನ್ನು ಎತ್ತಿ ಕೂರಿಸುವ ಕೆಲಸವಷ್ಟೇ ಇರುತ್ತಿತ್ತು” ಎಂದು ಅಲ್ಲಿನ ತಂತ್ರಜ್ಞರು ಹೇಳಿದರು.

ಅದೇ ಮಾದರಿಯ ಮತ್ತೊಂದು ಡಿಸ್ಕಿನಿಂದ ಹೆಡ್ಡುಗಳನ್ನು ತೆಗೆದು ಜೋಡಿಸಿ, ಗೀರಾದ ಮೇಲ್ಮೈಯನ್ನು ಬಿಟ್ಟು ಉಳಿದವನ್ನು ಅವರು ಓದಿದರು. ಡಿಸ್ಕು ಮಾಹಿತಿಯನ್ನು ಒಂದು ಮೇಲ್ಮೈ ಪೂರ್ತಿ ತುಂಬಿದ ಮೇಲೆ ಇನ್ನೊಂದಕ್ಕೆ ಬರೆಯುವುದಿಲ್ಲ, ಸ್ವಲ್ಪ ಇಲ್ಲಿ, ಸ್ವಲ್ಪ ಅಲ್ಲಿ ಎಂದು ಎಲ್ಲ ಮೇಲ್ಮೈಗಳಿಗೂ ಸರದಿಯಂತೆ ಹಂಚುತ್ತದೆ. ಹೀಗಾಗಿ ಒಂದು ಮೇಲ್ಮೈ ಹೋದರೆ ಇಡೀ ಡಿಸ್ಕಿನ ಉದ್ದಕ್ಕೂ ತೂತುಗಳು ಬೀಳುತ್ತವೆ. ಜಮೀನಿನ ಪತ್ರಗಳ ಸ್ಕ್ಯಾನ್ ಪ್ರತಿಗಳು ಮತ್ತು ಸಾಕಷ್ಟು ಫೋಟೋಗಳು ಚಿಕ್ಕ ಫೈಲುಗಳಾದ್ದರಿಂದ ತೂತುಗಳ ನಡುವೆ ಉಳಿದುಕೊಂಡವು. ಮಗಳ ಮದುವೆಯ ವಿಡಿಯೋ, ತೀರಿಕೊಂಡ ತಾಯಿಯವರು ಸೋಬಾನೆ ಹಾಡಿದ ಗಂಟೆಗಟ್ಟಲೆಯ ಚಿತ್ರಣ, ಎಲ್ಲ ದೊಡ್ಡ ಫೈಲುಗಳೂ ಮಧ್ಯೆ ಮಧ್ಯೆ ಹರಿದು ತೆರೆಯದಂತಾದವು.

ಆದ್ದರಿಂದ ಡಿಸ್ಕಿನ ಶಬ್ದವನ್ನು ಮೊದಲು ಕೇಳಿಸಿಕೊಳ್ಳಿ. ಟಕ್ ಟಕ್ ಎನ್ನುತ್ತಿದ್ದರೆ, ಉಜ್ಜುತ್ತಿದ್ದರೆ, ಅಥವಾ ತಿರುಗದೆ ಮಿಡಿಯುತ್ತಿದ್ದರೆ ಕೇಬಲ್ ಕಿತ್ತಿಟ್ಟು ಪ್ರಯೋಗಾಲಯಕ್ಕೆ ಕಳಿಸಿ, ಮುಚ್ಚಳವನ್ನು ಮನೆಯಲ್ಲಿ ತೆಗೆಯಬೇಡಿ. ಶಬ್ದ ಸಹಜವಾಗಿದ್ದು, ಡಿಸ್ಕು ಕಾಣಿಸಿಕೊಂಡು ಕಾದಾಗ ಮಾತ್ರ ತಪ್ಪಿಹೋಗುತ್ತಿದ್ದರೆ, ಫ್ಯಾನಿನ ಎದುರಿಟ್ಟು ಲಿನಕ್ಸಿನಲ್ಲಿ ಇಡೀ ಡಿಸ್ಕಿನ ಪ್ರತಿಯನ್ನು ಬೇರೊಂದು ಆರೋಗ್ಯಕರ ಡಿಸ್ಕಿಗೆ ತೆಗೆಯಬಹುದು:

```
sudo ddrescue -d -n /dev/sdX disk.img disk.map
```

ಇಲ್ಲಿ `/dev/sdX` ಇರುವಲ್ಲಿ ಕೆಟ್ಟ ಡಿಸ್ಕಿನ ಹೆಸರನ್ನು ಹಾಕಬೇಕು. `-n` ಇರುವುದರಿಂದ ಓದಲು ಕಷ್ಟವಾದ ಜಾಗಗಳನ್ನು ಕೆರೆಯುತ್ತಾ ಕೂರದೆ ಸುಲಭವಾಗಿ ಸಿಗುವುದನ್ನು ಅದು ಮೊದಲು ತೆಗೆದುಕೊಳ್ಳುತ್ತದೆ. `disk.map` ಇರುವುದರಿಂದ ಮಧ್ಯೆ ನಿಂತರೂ ಅಲ್ಲಿಂದಲೇ ಮುಂದುವರಿಯಬಹುದು. ಹೊಸ ಶಬ್ದ ಕೇಳಿದರೆ ತಕ್ಷಣ ನಿಲ್ಲಿಸಿ.

ಈಗಾಗಲೇ ಯಾರಾದರೂ ನಿಮ್ಮ ಡಿಸ್ಕನ್ನು ಫ್ರೀಜರಿನಲ್ಲಿಟ್ಟಿದ್ದರೆ ಚೀಲವನ್ನು ಬಿಚ್ಚದೆ ಹೊರಗೆ ತೆಗೆದಿಡಿ. ಹೊರಗಿನ ತೇವ ಚೀಲದ ಮೇಲೆ ಕೂತು ಆರಲಿ, ಒಳಗಿನ ಡಿಸ್ಕು ಕೋಣೆಯ ಉಷ್ಣತೆಗೆ ಬರಲು ಒಂದು ಪೂರ್ತಿ ದಿನ ಬಿಡಿ. ಆಮೇಲೆಯೂ ಪರೀಕ್ಷಿಸಿ ನೋಡಲೆಂದು ವಿದ್ಯುತ್ ಕೊಡಬೇಡಿ, ಹಾಗೆಯೇ ಪ್ರಯೋಗಾಲಯಕ್ಕೆ ಕಳಿಸಿ. ಕಳಿಸುವಾಗ ಫ್ರೀಜರಿನಲ್ಲಿ ಇಟ್ಟಿದ್ದ ವಿಷಯವನ್ನು ಚೀಟಿಯಲ್ಲಿ ಬರೆದಿಡಿ. ಅದು ಗೊತ್ತಿದ್ದರೆ ಅವರು ಮೋಟಾರನ್ನು ತಿರುಗಿಸುವ ಮೊದಲು ತಟ್ಟೆಯ ಮೇಲೆ ನೀರಿನ ಕಲೆಯಿದೆಯೇ ಎಂದು ನೋಡಿ, ಇದ್ದರೆ ಒರೆಸಿ ಸ್ವಚ್ಛಗೊಳಿಸಿದ ಮೇಲೆಯೇ ಹೆಡ್ಡನ್ನು ಅದರ ಮೇಲೆ ಬಿಡುತ್ತಾರೆ.