ವಾಟ್ಸ್ಆ್ಯಪ್ ಬಿಸಿನೆಸ್: ಡಿಟಿಪಿ ಅಂಗಡಿಯಲ್ಲಿ ಆರು ವರ್ಷ ಬಳಸಿದ ಮೇಲೆ

ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಮತ್ತು ಮುದ್ರಣದ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಪುಸ್ತಕ, ಎಲ್ಲದರ ಮಾತುಕತೆಯೂ ಆರು ವರ್ಷಗಳಿಂದ ಈ ಆ್ಯಪ್‌ನಲ್ಲೇ ನಡೆಯುತ್ತಿದೆ. ಪ್ರೂಫ್ ನೋಡಲು ಹಳ್ಳಿಯಿಂದ ಮೂರು ಸಲ ಬಸ್ ಹತ್ತಿ ಬರುತ್ತಿದ್ದವರು ಈಗ ಮನೆಯಲ್ಲೇ ಕುಳಿತು ತಿದ್ದುತ್ತಾರೆ. ಅದೊಂದಕ್ಕಾಗಿಯೇ ನಾನು ಇದನ್ನು ಬಿಡುವುದಿಲ್ಲ. ಆದರೆ ನಮ್ಮ ಕಸುಬಿನಲ್ಲಿ ಅತಿ ಹೆಚ್ಚು ನಷ್ಟ ತಂದ ಸಂದೇಶವೂ ಇದರಲ್ಲೇ ಬರುತ್ತದೆ: "ಕಳಿಸಿದ್ದೇನಲ್ಲ, ಅದರಂತೆ ಮಾಡಿಬಿಡಿ." ನೋಡಿದರೆ ಏನೂ ಬಂದಿರುವುದಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಮೇ ತಿಂಗಳ ಮದುವೆ, 400 ಕಾರ್ಡು. ಮೊದಲ ಕರಡಿನಲ್ಲಿ 9.20ರಿಂದ 10.10ರೊಳಗಿನ ಮಿಥುನ ಲಗ್ನ ಎಂದಿತ್ತು. ಪುರೋಹಿತರು ಅದನ್ನು ಬದಲಿಸಿ 11.20ರ ಮೇಲೆ ಕರ್ಕಾಟಕ ಲಗ್ನ ಗೊತ್ತು ಮಾಡಿದರು. ಹುಡುಗಿಯ ತಂದೆ ತಿದ್ದಿದ ಹಾಳೆಯ ಫೋಟೊ ತೆಗೆದು ಕಳಿಸಿದ್ದು ತಮ್ಮ ಕುಟುಂಬದ ಗುಂಪಿಗೆ. ನಮಗೆ ಬಂದದ್ದು "ಕಳಿಸಿದ್ದೇನೆ ನೋಡಿ, ಮುದ್ರಿಸಿ" ಎಂಬ ಒಂದು ಸಾಲು ಮಾತ್ರ. ಅಂಗಡಿಯ ಹುಡುಗ ಅದರ ಮೇಲಿದ್ದ ಹಳೆಯ ಕರಡನ್ನೇ ಅಂತಿಮ ಎಂದುಕೊಂಡ. ಅಷ್ಟೂ ಕಾರ್ಡು ಮಿಥುನ ಲಗ್ನದಲ್ಲೇ ಅಚ್ಚಾದವು. ಕಟ್ಟು ಬಿಚ್ಚಿ ಓದಿದಾಗ ಆ ಹಿರಿಯರ ಮುಖ ಬಾಡಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮರುಮುದ್ರಣದ ಖರ್ಚು ನಾನೇ ಹೊತ್ತೆ, ಏಕೆಂದರೆ ಇಲ್ಲದ ಫೈಲನ್ನು ಇದೆ ಎಂದುಕೊಂಡವರು ನಾವು.

ಇದಕ್ಕಿಂತ ಹೆಚ್ಚು ಮೋಸಹೋಗುವುದು ಉಲ್ಲೇಖದ ಪೆಟ್ಟಿಗೆಯಿಂದ. ಗ್ರಾಹಕರು ಹಳೆಯ ಸಂದೇಶವನ್ನು ಹಿಡಿದು ಅದಕ್ಕೇ ಉತ್ತರ ಬರೆದರೆ, ಮೇಲ್ಗಡೆ ಆ ಸಂದೇಶದ ತುಣುಕು ಚಿಕ್ಕದಾಗಿ ಕಾಣುತ್ತದೆ. ತುಣುಕು ಕಂಡಿತು ಎಂದರೆ ಮೂಲ ನಮ್ಮ ಫೋನಿನಲ್ಲಿದೆ ಎಂದರ್ಥವಲ್ಲ. ಅದು ಉತ್ತರದ ಜೊತೆಗೇ ಬರುವ ಪ್ರತಿ. ನಾನು ಫೋನ್ ಬದಲಿಸಿದಾಗ ಬ್ಯಾಕಪ್ ಎರಡು ವಾರ ಹಳೆಯದಿತ್ತು. ಆ ನಡುವಿನ ಮಾತುಕತೆ ಹೋಯಿತು. ಮರುದಿನವೇ ಒಬ್ಬರು ಬಿಲ್ ಪುಸ್ತಕದ ಪ್ರೂಫ್‌ಗೆ ಉತ್ತರವಾಗಿ "ಇದೇ ಇರಲಿ, ಹತ್ತು ಪುಸ್ತಕ" ಎಂದು ಬರೆದರು. ಪೆಟ್ಟಿಗೆಯಲ್ಲಿ ಪಿಡಿಎಫ್‌ನ ಹೆಸರು ಸ್ಪಷ್ಟವಾಗಿ ಇತ್ತು. ಅದರ ಮೇಲೆ ಒತ್ತಿದರೆ ಎಲ್ಲಿಗೂ ಹೋಗಲಿಲ್ಲ. ಪತ್ತೆ ಹಚ್ಚುವ ಬಗೆ ಇಷ್ಟೇ: ಒತ್ತಿ ನೋಡಬೇಕು, ಮೂಲಕ್ಕೆ ಜಿಗಿಯದಿದ್ದರೆ ಅದು ನಮ್ಮಲ್ಲಿಲ್ಲ.

ತಾನಾಗಿಯೇ ಅಳಿಯುವ ಸಂದೇಶಗಳ ವಿಷಯದಲ್ಲೂ ಹೀಗೆಯೇ. ಗ್ರಾಹಕರು 24 ಗಂಟೆ, 7 ದಿನ ಅಥವಾ 90 ದಿನ ಎಂದು ಇಟ್ಟಿದ್ದರೆ ಮೂಲ ಅಳಿದ ಮೇಲೂ ಉಲ್ಲೇಖದ ತುಣುಕು ಉಳಿದಿರಬಹುದು. ಆಮಂತ್ರಣದ ಕೆಲಸ ಎರಡು ವಾರ ಎಳೆಯುವುದು ಸಾಮಾನ್ಯ, ಆದ್ದರಿಂದ 7 ದಿನದ ಗಡುವು ನಮಗೆ ಸಾಲದು. ಫೈಲ್ ಬಂದ ದಿನವೇ ತೆರೆದು, ಕಂಪ್ಯೂಟರಿನಲ್ಲಿ ಗ್ರಾಹಕರ ಹೆಸರಿನ ಫೋಲ್ಡರಿಗೆ ಹಾಕಿಕೊಳ್ಳುವುದು ಈಗ ನಮ್ಮ ಅಂಗಡಿಯ ಕಟ್ಟುನಿಟ್ಟು. ಇಳಿಸಿಕೊಳ್ಳದೆ ಬಹಳ ದಿನ ಬಿಟ್ಟ ಫೈಲನ್ನು ಮತ್ತೆ ಕಳಿಸಿ ಎಂದು ಕೇಳಬೇಕಾಗುತ್ತದೆ.

ನಮ್ಮನ್ನು ನಿಜವಾಗಿ ಉಳಿಸಿದ್ದು ಈ ಆ್ಯಪ್‌ನ ಸಿದ್ಧ ಉತ್ತರಗಳ ಸೌಲಭ್ಯ. `/` ಒತ್ತಿದರೆ ಬರೆದಿಟ್ಟ ಉತ್ತರಗಳು ಬರುತ್ತವೆ. ನಾನು `/file` ಎಂಬ ಹೆಸರಿನಲ್ಲಿ ಇಟ್ಟಿರುವುದು ಇದು: "ನಿಮ್ಮ ಸಂದೇಶ ಬಂದಿದೆ, ಫೈಲ್ ಬಂದಿಲ್ಲ. ನಮ್ಮಲ್ಲಿ ಕೊನೆಯದಾಗಿ ಇರುವುದು ___ ತಾರೀಖಿನ ಕರಡು, ಅದರಲ್ಲಿ ___ ಎಂದಿದೆ. ಅದೇ ಆದರೆ 'ಅದೇ' ಎನ್ನಿ, ಬೇರೆಯಾದರೆ ದಯವಿಟ್ಟು ಮತ್ತೊಮ್ಮೆ ಕಳಿಸಿ." ಖಾಲಿ ಜಾಗದಲ್ಲಿ ತಾರೀಖು, ಮುಹೂರ್ತ ತುಂಬುತ್ತೇವೆ. ಮೊದಲು "ಫೈಲ್ ಬಂದಿಲ್ಲ" ಎಂದಷ್ಟೇ ಬರೆಯುತ್ತಿದ್ದೆವು. "ಕಳಿಸಿದ್ದೇನೆ ಸ್ವಾಮಿ, ಸರಿಯಾಗಿ ನೋಡಿ" ಎಂದು ಗ್ರಾಹಕರು ಬೇಸರ ಮಾಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಏನಿದೆ ಎಂದು ಹೇಳಿದಾಗ ಅವರೇ ತಮ್ಮ ಫೋನ್ ತಿರುವಿ, ಮಗನಿಗೋ ಅಳಿಯನಿಗೋ ಹೋಗಿದ್ದ ಫೋಟೊ ಹುಡುಕಿ ಕಳಿಸುತ್ತಾರೆ.

"ಫೋನಿನಲ್ಲಿ ಹೇಳಿದ್ದೆನಲ್ಲ" ಎನ್ನುವವರಿಗೆ ಮಾತ್ರ ಯಾವ ಆ್ಯಪ್ ಕೂಡ ನೆರವಾಗದು. ಕರೆ ಮುಗಿದ ಕೂಡಲೇ ಅವರು ಹೇಳಿದ ತಿದ್ದುಪಡಿಯನ್ನು ನಾನೇ ಬರೆದು ಅವರಿಗೆ ಕಳಿಸುತ್ತೇನೆ, "ಸರಿ" ಎಂದು ಬರುವವರೆಗೆ ಕೆಲಸವನ್ನು ಮುದ್ರಣಕ್ಕೆ ಕೊಡುವುದಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಪ್ರೂಫ್ ತೋರಿಸಲು, ಒಪ್ಪಿಗೆ ಪಡೆಯಲು ಇದಕ್ಕಿಂತ ಅನುಕೂಲವಾದದ್ದು ನನಗೆ ಸಿಕ್ಕಿಲ್ಲ. ಫೈಲ್ ಕಾಪಾಡುವ ಬೀರುವೆಂದು ಮಾತ್ರ ಇದನ್ನು ನಂಬಬೇಡಿ. ಆ ಮೇ ತಿಂಗಳ ಮದುವೆಯವರು ಹೋದ ವರ್ಷ ಮಗನ ಪತ್ರಿಕೆಗೂ ನಮ್ಮಲ್ಲಿಗೇ ಬಂದರು, ಮುಹೂರ್ತವನ್ನು ಒಂದು ಚೀಟಿಯಲ್ಲಿ ಬರೆದು ಕೈಗೇ ಕೊಟ್ಟರು.